ಸಹಾಯ ಬೇಕು: ಡೌನ್ ಸಿಂಡ್ರೋಮ್‌ನಲ್ಲಿ ತಪ್ಪಾದ ಹಂತ ಗೊತ್ತಾಗೋದು ಹೇಗೆ?

ನಮಸ್ಕಾರ. ದ್ವಿತೀಯ ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡ್ತೀನಿ. ನಿನ್ನೆ ಉಲ್ಲನ್ ದಾರದಲ್ಲಿ ಮಿಯಾಸಿಸ್ ತೋರಿಸ್ತಿದ್ದೆ. ತಾಯಿಯ 21ನೇ ಕ್ರೋಮೋಸೋಮ್ ಜೋಡಿಯಲ್ಲಿ ಒಂದು ಕೆಂಪು, ಒಂದು ನೀಲಿ. ಮೈಟಾಸಿಸ್‌ನಲ್ಲಾದರೆ ಈ ಜೋಡಿ ಬೇರೆಯಾಗೋದೇ ಇಲ್ಲ, ಎರಡೂ ಮರಿಕೋಶಗಳಿಗೆ ಕೆಂಪು-ನೀಲಿ ಎರಡೂ ಹೋಗುತ್ತವೆ. ಮಿಯಾಸಿಸ್‌ನ ಮೊದಲ ವಿಭಜನೆಯಲ್ಲಿ ಜೋಡಿ ಬಿಡಿಸಿಕೊಳ್ಳದಿದ್ದರೆ ಅಂಡಕ್ಕೆ ಒಂದು ಕೆಂಪು, ಒಂದು ನೀಲಿ ಸಿಗುತ್ತೆ. ಎರಡನೆಯದರಲ್ಲಿ ಸೋದರ ಕ್ರೊಮ್ಯಾಟಿಡ್‌ಗಳು ಅಂಟಿಕೊಂಡೇ ಉಳಿದರೆ ಎರಡು ಕೆಂಪು, ಇಲ್ಲವೇ ಎರಡು ನೀಲಿ. ತಂದೆಯದೊಂದು ಸೇರಿದರೆ ಮೂರು, ಅಂದರೆ ಟ್ರೈಸೋಮಿ 21.

ಇಲ್ಲಿವರೆಗೆ ಸಲೀಸಾಗಿತ್ತು. ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಕ್ರಾಸಿಂಗ್ ಓವರ್ ಆಗಿ ಕೆಂಪು ದಾರದ ತುದಿಗೆ ನೀಲಿ ತುಂಡು ಬಂದಿದ್ರೆ?" ಅಂದಳು. ಸಿಕ್ಕಿಬಿದ್ದೆ! ತುದಿಯ ಬಣ್ಣ ನಂಬೋ ಹಾಗಿಲ್ಲ, ಸೆಂಟ್ರೋಮಿಯರ್ ಹತ್ತಿರದ ಗುರುತನ್ನೇ ನೋಡಬೇಕು, ಅಲ್ಲಿ ಅದಲು-ಬದಲು ಅಪರೂಪ ಅಂದೆ.

ನನ್ನ ಉತ್ತರ ಸರಿಯೇ? ಗರ್ಭ ಕಟ್ಟಿದ ಮೇಲೆ ಮೈಟಾಸಿಸ್‌ನಲ್ಲೇ ತಪ್ಪಾಗಿ, ಕೆಲವು ಕೋಶಗಳಲ್ಲಿ 47, ಉಳಿದವುಗಳಲ್ಲಿ 46 ಇರುವ ಮೊಸಾಯಿಕ್ ಅನ್ನು ಇದೇ ದಾರದಲ್ಲಿ ತೋರಿಸೋದು ಹೇಗೆ? ಮಾಡಿ ನೋಡಿದವರು ಹೇಳಿ, ಸೋಮವಾರ ಮತ್ತೆ ಅದೇ ಕ್ಲಾಸ್ ಇದೆ.