ಕಥೆ ನೆನಪಿದೆ, ಪದ ನೆನಪಿಲ್ಲ

ದಿನಕ್ಕೊಂದು ಪದ: ಪಿಯುಸಿ ಮಕ್ಕಳಿಗಾಗಿ ದಿನಕ್ಕೊಂದು ಇಂಗ್ಲಿಷ್ ಪದದ ವಿಡಿಯೊ ಮಾಡುತ್ತೇನೆ. ಒಂದು ನಿಮಿಷ, ಒಂದು ಪದ, ಒಂದು ತಮಾಷೆಯ ಉದಾಹರಣೆ. 42 ದಿನಗಳಾದವು. ಮಾವನ ಮನೆಗೆ ಹೊರಟ ಅಳಿಯ ಎಮ್ಮೆಯಂತೆ ಕಾಲೆಳೆಯುವ ಕಥೆಯನ್ನು ಮೊನ್ನೆ ಪಕ್ಕದ ಮನೆಯ ಹುಡುಗ ಅಭಿನಯಿಸಿಯೇ ತೋರಿಸಿದ. ಪದ ಯಾವುದೆಂದು ಕೇಳಿದರೆ ತಲೆ ಕೆರೆದುಕೊಂಡ. ಅದು ‘ರಿಲಕ್ಟೆಂಟ್’. ಉದಾಹರಣೆ ಇನ್ನೂ ತಮಾಷೆಯಾಗಿರಬೇಕಿತ್ತೇ?

ಅರ್ಧ ಲೋಟ ಚಹಾ: ತಮಾಷೆ ಸಾಕಷ್ಟಿದೆ ಮೇಡಂ, ಪುನರಾವರ್ತನೆ ಇಲ್ಲ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ 1885ರಲ್ಲೇ ಮರೆವಿನ ರೇಖೆಯನ್ನು ಬರೆದಿಟ್ಟಿದ್ದಾನೆ. ಒಂದು ನಿಮಿಷದಲ್ಲಿ ಪದವನ್ನು ಹತ್ತು ಸಲ ಹೇಳಿ, ತಾನಾಗಿ ಕೂರುತ್ತದೆ.

ಹಳೆ ಮೇಷ್ಟ್ರು: ಪುನರಾವರ್ತನೆ ಬೇಕು, ಆದರೆ ಒಂದೇ ಉಸಿರಿನಲ್ಲಿ ಹತ್ತು ಸಲ ಅಲ್ಲ. ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಅಳೆದವನು. ಒಂದೇ ಸಲ ಕೂತು ಉರು ಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಓದುವುದು ಮೇಲು ಎಂದೂ ಅವನೇ ಬರೆದಿದ್ದಾನೆ. ಅದು ಹಾಗಿರಲಿ. ಮೇಡಂ, ನಿಮ್ಮ ವಿಡಿಯೊದಲ್ಲಿ ಆ ಪದ ಬರುವ ಕಡೆ ಮಾತ್ರ ಧ್ವನಿಯನ್ನು ಅಳಿಸಿ ಮತ್ತೊಮ್ಮೆ ಕೇಳಿ. ಕಥೆಗೆ ಏನಾದರೂ ಊನವಾಯಿತೇ? ಆಗುವುದಿಲ್ಲ. ನಗು ಬರುವುದು ಎಮ್ಮೆಯಿಂದ. ಪದವೋ ಕರೆಯದೆ ಮದುವೆಗೆ ಬಂದವನಂತೆ ಕೊನೆಯ ಪಂಕ್ತಿಯಲ್ಲಿ ಕುಳಿತಿದೆ. ಹುಡುಗ ಎಮ್ಮೆಯನ್ನು ನೆನಪಿಟ್ಟುಕೊಂಡದ್ದು ಅವನ ತಪ್ಪಲ್ಲ.

ದಿನಕ್ಕೊಂದು ಪದ: ಪದವಿಲ್ಲದೆ ನಿಲ್ಲದ ಉದಾಹರಣೆ ಹೇಗಿರುತ್ತದೆ? ಒಂದನ್ನು ಬರೆದು ತೋರಿಸಿ ಸರ್.

ಹಳೆ ಮೇಷ್ಟ್ರು: ‘ಲೆಂಡ್’ ಎಂಬ ಪದವನ್ನು ತೆಗೆದುಕೊಳ್ಳೋಣ. ಮಳೆ ಸುರಿಯುತ್ತಿದೆ. ಬಸ್ ನಿಲ್ದಾಣದಲ್ಲಿ ಒಬ್ಬನ ಬಳಿ ಮಾತ್ರ ಛತ್ರಿ. ಗೆಳೆಯ ಬಂದು ‘ಕ್ಯಾನ್ ಐ ಲೆಂಡ್ ಯುವರ್ ಅಂಬ್ರೆಲಾ?’ ಎನ್ನುತ್ತಾನೆ. ಛತ್ರಿಯವನು ಅದನ್ನು ಎದೆಗೆ ಅವುಚಿಕೊಂಡು ‘ನನ್ನ ಛತ್ರಿಯನ್ನು ನೀನು ಯಾರಿಗೆ ಕೊಡುತ್ತೀಯಾ?’ ಎಂದು ಕೇಳುತ್ತಾನೆ. ಗೆಳೆಯ ನೆನೆಯುತ್ತ ನಿಂತು, ತಪ್ಪು ಹೊಳೆದು, ‘ಕ್ಯಾನ್ ಐ ಬಾರೋ’ ಎಂದ ಕೂಡಲೇ ಛತ್ರಿ ತೆರೆದುಕೊಳ್ಳುತ್ತದೆ. ಇಲ್ಲಿ ಪದ ಬದಲಾದರೆ ಒಬ್ಬ ನೆನೆಯುತ್ತಾನೆ. ಪದವನ್ನು ತೆಗೆದರೆ ಕಥೆಯೇ ಇಲ್ಲ.

ನಮ್ಮ ಮಕ್ಕಳು ಈ ಎರಡರಲ್ಲಿ ಎಡವುವುದು ದಡ್ಡತನದಿಂದಲ್ಲ. ‘ನಿನ್ನ ಪೆನ್ನು ಕೊಡು, ಸಂಜೆ ಕೊಡುತ್ತೇನೆ’ ಎನ್ನುತ್ತೇವೆ. ಪಡೆಯುವುದಕ್ಕೂ ‘ಕೊಡು’, ಹಿಂದಿರುಗಿಸುವುದಕ್ಕೂ ‘ಕೊಡು’. ವಸ್ತು ಯಾರಿಂದ ಯಾರ ಕಡೆಗೆ ಹೋಗುತ್ತಿದೆ ಎಂಬುದನ್ನು ಸಂದರ್ಭವೇ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಅದನ್ನು ಕ್ರಿಯಾಪದವೇ ಹೊರಬೇಕು.

ತುಂಗೆಯ ತಟ: ಮೂರನೇ ತರಗತಿಯ ನನ್ನ ಮಗಳಿಗೆ ಸ್ಪೆಲಿಂಗ್ ಬರುವುದಿಲ್ಲ. ಯಾವ ನಿಘಂಟು ಒಳ್ಳೆಯದು? ವಿಡಿಯೊ ತೋರಿಸಿದರೆ ಕಣ್ಣು ಹಾಳಾಗುತ್ತದೆ ಎನ್ನುತ್ತಾರೆ ನಮ್ಮ ಅತ್ತೆ.

ಗಣಿತದವಳು: ಅತ್ತೆಯವರ ಪ್ರಶ್ನೆಗೆ ಬೇರೆ ಚರ್ಚೆ ತೆರೆಯೋಣ ಅಕ್ಕಾ. ಮೇಷ್ಟ್ರೇ, ನಿಮ್ಮ ಛತ್ರಿ ಚೆನ್ನಾಗಿದೆ, ಆದರೆ ಅದರಡಿ ಇಬ್ಬರನ್ನು ನಿಲ್ಲಿಸಿದ್ದೀರಿ. ಬಾರೋ, ಲೆಂಡ್ ಎರಡನ್ನೂ ಒಂದೇ ದಿನ ಕಲಿತ ಮಗು ಮರುದಿನ ಯಾವುದು ಯಾವುದೆಂದು ಗೊಂದಲಕ್ಕೆ ಬೀಳುತ್ತದೆ. ನನ್ನ ತರಗತಿಯಲ್ಲಿ ಲಸಾಅ, ಮಸಾಅ ಒಟ್ಟಿಗೆ ಹೇಳಿಕೊಟ್ಟು ಅನುಭವಿಸಿದ್ದೇನೆ. ಅರ್ಥ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟರೆ ಕಲಿಕೆ ನಿಧಾನವಾಗುತ್ತದೆ ಎಂದು ಪರೀಕ್ಷಿಸಿ ನೋಡಿದವರೂ ಇದ್ದಾರೆ.

ಹಳೆ ಮೇಷ್ಟ್ರು: ಒಪ್ಪಿದೆ, ಅದು ನನ್ನ ಅವಸರ. ಮೊದಲು ಬಾರೋ ಒಂದೇ ಬರಲಿ. ‘ಬಾರೋ, ನಿನ್ನ ಸೈಕಲ್ ತಾರೋ’ ಎಂದು ಕರೆದರೆ ವಸ್ತು ನನ್ನ ಕಡೆಗೆ ಬರುತ್ತದೆ, ಪದದ ಅರ್ಥವೂ ಅದೇ. ಎರಡು ವಾರ ಬಿಟ್ಟು, ಬಾರೋ ಗಟ್ಟಿಯಾದ ಮೇಲೆ, ಲೆಂಡ್‌ಗೆ ಛತ್ರಿಯ ಕಥೆ. ಆಗ ಅಲ್ಲಿ ಬಾರೋ ಹೊಸದಲ್ಲ, ಹಳೆಯ ಪದದ ಮರುಭೇಟಿ.

ಅರ್ಧ ಲೋಟ ಚಹಾ: ಪುನರಾವರ್ತನೆ ಎಂದು ನಾನು ಹೇಳಿದ್ದೂ ಅದನ್ನೇ ಅಲ್ಲವೇ? ಏಳನೆಯ ದಿನ ಹೊಸ ಪದ ಬೇಡ, ಹಿಂದಿನ ಆರನ್ನು ಕೇಳಿ.

ದಿನಕ್ಕೊಂದು ಪದ: ಮಾಡಿ ನೋಡಿದ್ದೇನೆ. ವಿಡಿಯೊಗಳು ಯಾರಿಗೂ ಸಾಲಾಗಿ ಕಾಣಿಸುವುದಿಲ್ಲ. ಮೂರನೆಯದನ್ನು ನೋಡದವನಿಗೆ ಏಳನೆಯದು ಸಿಗುತ್ತದೆ, ಅರ್ಥವಾಗದೆ ಬೆರಳಾಡಿಸಿ ಮುಂದೆ ಹೋಗುತ್ತಾನೆ. ಮೇಷ್ಟ್ರು ಹೇಳಿದ ಮರುಭೇಟಿಯೇ ಸರಿ ಅನ್ನಿಸುತ್ತದೆ. ರಿಲಕ್ಟೆಂಟ್ ಅನ್ನು ಮತ್ತೆ ಮಾಡಿದರೆ ‘ಹಿ ಈಸ್ ರಿಲಕ್ಟೆಂಟ್ ಟು ಲೆಂಡ್ ಹಿಸ್ ಬೈಕ್’ ಎಂದು ಹಳೆಯ ಪದವನ್ನು ಒಳಗೇ ಇಡಬಹುದು. ಹಳೆಯದನ್ನು ನೋಡದವನಿಗೂ ಬೈಕಿನ ಕೀಲಿಯನ್ನು ಬಿಡದ ಕೈ ಕಂಡರೆ ಸಾಕು.

ಹಳೆ ಮೇಷ್ಟ್ರು: ಆ ‘ಟು’ ಕೂಡ ಪರದೆಯ ಮೇಲೆ ಬರಲಿ. ಪದವನ್ನು ಒಂಟಿಯಾಗಿ ಕಲಿತವನು ವಾಕ್ಯ ಕಟ್ಟುವಾಗ ಅಲ್ಲೇ ಮುಗ್ಗರಿಸುತ್ತಾನೆ. ಇನ್ನೊಂದು ಮಾತು. ಉತ್ತರ ಹೇಳುವ ಮುನ್ನ ಪದದ ಜಾಗವನ್ನು ಖಾಲಿ ಬಿಟ್ಟು ನಾಲ್ಕು ಸೆಕೆಂಡು ಸುಮ್ಮನಿರಿ. ಕಾರ್ಪಿಕೆ, ರೋಡಿಗರ್ ಎಂಬಿಬ್ಬರು 2008ರಲ್ಲಿ ವಿದ್ಯಾರ್ಥಿಗಳಿಗೆ ಸ್ವಾಹಿಲಿ ಪದಗಳನ್ನು ಕಲಿಸಿದರು. ಒಮ್ಮೆ ಬಂದ ಪದವನ್ನೂ ಮತ್ತೆ ಮತ್ತೆ ನೆನಪಿನಿಂದ ಹೇಳಿಸಿದವರಿಗೆ ವಾರದ ನಂತರ ಸುಮಾರು ಶೇ 80ರಷ್ಟು ಉಳಿದಿತ್ತು. ಬರೀ ಮತ್ತೆ ಓದಿಸಿದವರಿಗೆ ಅದರ ಅರ್ಧವೂ ಇರಲಿಲ್ಲ. ನೀವು ಹತ್ತು ಸಲ ಹೇಳುವುದಕ್ಕಿಂತ ಅವನು ಒಮ್ಮೆ ಬಾಯಿಬಿಟ್ಟು ಹೇಳುವುದು ದೊಡ್ಡದು.

ದಿನಕ್ಕೊಂದು ಪದ: ನಾಲ್ಕು ಸೆಕೆಂಡು! ಸರ್, ಅಷ್ಟರಲ್ಲಿ ನೋಡುವವರು ಅಡುಗೆ ವಿಡಿಯೊದಲ್ಲಿರುತ್ತಾರೆ. ಒಂದು ಸಲ ಮೂರು ಸೆಕೆಂಡು ಮೌನವಿಟ್ಟೆ, ನೋಡುಗರ ರೇಖೆ ಅಲ್ಲೇ ಬಾವಿಗೆ ಬಿತ್ತು.

ಹಾವೇರಿಯವ: ನನ್ನ ಕಥೆ ಕೇಳಿ. ಇಂಥದ್ದೇ ಒಂದು ಸರಣಿ ನೋಡಿ ‘ಪ್ಲೆಥೊರಾ’ ಕಲಿತೆ, ಅಂದರೆ ಬೇಕಾದ್ದಕ್ಕಿಂತ ಹೆಚ್ಚಿನ ರಾಶಿ. ಮೊದಲ ಸಂದರ್ಶನದಲ್ಲಿ ಏಳು ತಿಂಗಳ ಅನುಭವಕ್ಕೆ ಪ್ಲೆಥೊರಾ ಎಂದೆ. ಎದುರಿಗಿದ್ದವರು ನನ್ನ ಅರ್ಜಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಕೆಲಸ ಸಿಕ್ಕಿತು, ಅದು ಬೇರೆ ಮಾತು. ಸೇರಿದ ಮೇಲೆ ಪಕ್ಕದವನ ಚಾರ್ಜರ್ ಕೇಳಲು ಮಾತ್ರ ಪದ ಇರಲಿಲ್ಲ. ಬೆರಳು ತೋರಿಸಿ ‘ಗಿವ್’ ಎಂದೆ, ಆಜ್ಞೆ ಮಾಡಿದಂತಾಯಿತು.

ಗಣಿತದವಳು: ಪದ ಆರಿಸುವಲ್ಲೇ ಸೋಲು. ಅಪರೂಪದ ಪದಕ್ಕೆ ವೀಕ್ಷಣೆ, ಸಾಮಾನ್ಯ ಪದಕ್ಕೆ ಆಕಳಿಕೆ.

ಹಳೆ ಮೇಷ್ಟ್ರು: ಇದಕ್ಕೊಂದು ಹಳೆಯ ಅಳತೆಗೋಲಿದೆ. ಅವಿಭಜಿತ ಬಂಗಾಳದ ಢಾಕಾದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್, ಕಲಿಯುವವರಿಗೆ ಮೊದಲು ಬೇಕಾದ ಸುಮಾರು 2000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಬಾರೋ, ಲೆಂಡ್ ಎರಡೂ ಅದರಲ್ಲಿವೆ. ಪ್ಲೆಥೊರಾ ಇಲ್ಲ. ಪಟ್ಟಿ ಹಳೆಯದು, ಮೊಬೈಲ್ ಕಾಲದ ಪದಗಳು ಸಿಗುವುದಿಲ್ಲ, ಆದರೂ ದಿನದ ಪದ ಆರಿಸುವ ಮುನ್ನ ಒಮ್ಮೆ ನೋಡಬಹುದು.

ಅರ್ಧ ಲೋಟ ಚಹಾ: ‘ಬಾರೋ ತಾರೋ’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಇಂಗ್ಲಿಷ್ ಪದವನ್ನು ಗೆಳೆಯನನ್ನು ಕರೆದಂತೆ ಎಳೆಯುತ್ತಾರೆ. ಅದರ ಬದಲು ‘ಬಾರೋ ಎಂದರೆ ಸಾಲ ತೆಗೆದುಕೊ’ ಎಂದು ಕನ್ನಡದ ಅರ್ಥ ಹೇಳಿ ಮುಗಿಸಿ.

ಗಣಿತದವಳು: ಪೆನ್ನನ್ನು ಯಾರು ಸಾಲ ತೆಗೆದುಕೊಳ್ಳುತ್ತಾರೆ? ಸಾಲ ಎಂದ ತಕ್ಷಣ ಬಡ್ಡಿ ನೆನಪಾಗುತ್ತದೆ. ‘ಎರವಲು’ ಸರಿಯಾದ ಪದ, ಆದರೆ ನನ್ನ ವಿದ್ಯಾರ್ಥಿಗಳಿಗೆ ಎರವಲು ಎಂದರೇನೆಂದು ಮೊದಲು ಬೇರೊಂದು ವಿಡಿಯೊ ಮಾಡಬೇಕು.

ಹಳೆ ಮೇಷ್ಟ್ರು: ಉಚ್ಚಾರದ ಆಕ್ಷೇಪಣೆ ನ್ಯಾಯವಾದದ್ದು. ತಾಯ್ನುಡಿಯ ಪದದ ಸದ್ದಿಗೆ ಗಂಟು ಹಾಕಿ ಕಲಿಸುವುದನ್ನು 1975ರಲ್ಲಿ ಅಮೆರಿಕದಲ್ಲಿ ರಷ್ಯನ್ ಪದಗಳ ಮೇಲೆ ಪ್ರಯೋಗಿಸಿ, ಲಾಭ ಕಂಡಿದ್ದಾರೆ. ಆದರೆ ಅದು ಕೇಳಿದ ಪದದ ಅರ್ಥ ಹೊಳೆಯಲು ಕೊಡುವಷ್ಟು ಸಹಾಯವನ್ನು, ಬೇಕಾದಾಗ ಪದ ನಾಲಿಗೆಗೆ ಬರಲು ಕೊಡುವುದಿಲ್ಲ. ಊರುಗೋಲಿನಂತೆ ಬಳಸಿ ಬಿಡಬೇಕು. ಎಷ್ಟು ದಿನಕ್ಕೆ ಬಿಡಬೇಕೆಂಬುದು ಮಗುವಿನಿಂದ ಮಗುವಿಗೆ ಬೇರೆ.

ದಿನಕ್ಕೊಂದು ಪದ: ನಾಳೆಯ ವಿಡಿಯೊಗೆ ಹೀಗೆ ಬರೆದುಕೊಂಡಿದ್ದೇನೆ. ಮೊದಲ ಹದಿನೈದು ಸೆಕೆಂಡು ಸೈಕಲ್ ಕೇಳುವ ಹುಡುಗ. ನಂತರ ವಾಕ್ಯದ ನಡುವೆ ಖಾಲಿ ಜಾಗ. ಮೌನದ ಬದಲು ಸೈಕಲ್ ಗಂಟೆ ಎರಡು ಸಲ ಬಾರಿಸುತ್ತದೆ, ಆಗ ಯಾರೂ ಹೋಗಲಾರರು ಎಂಬ ಆಸೆ. ಆಮೇಲೆ ಪದ, ಅದೇ ಪದ ಗ್ರಂಥಾಲಯದಲ್ಲಿ ಇನ್ನೊಮ್ಮೆ. ‘ತಾರೋ’ ಇರಲೋ ಬೇಡವೋ ಇನ್ನೂ ತಿಳಿಯುತ್ತಿಲ್ಲ.

ಹಾವೇರಿಯವ: ಇರಲಿ ಮೇಡಂ. ಮೊದಲು ಪಕ್ಕದ ಮನೆಯ ಹುಡುಗನಿಗೆ ತೋರಿಸಿ, ಮೂರು ದಿನ ಬಿಟ್ಟು ಸೈಕಲ್ ಕೇಳುವಂತೆ ಹೇಳಿ.

ತುಂಗೆಯ ತಟ: ನಿಘಂಟಿನ ಬಗ್ಗೆ ಯಾರೂ ಹೇಳಲಿಲ್ಲ.