ಗದ್ದೆಯ ಆಹಾರ ಜಾಲ: ಬಾಣ ಯಾವ ಕಡೆ, 10,000ದಲ್ಲಿ 9,000 ಎಲ್ಲಿ ಹೋಯ್ತು?

ನಾಲೆ ಏರಿ, ಮಂಡ್ಯ:
ಮಗಳ ಪಾಠದಲ್ಲಿ ಗದ್ದೆಯ ಚಿತ್ರ ಇದೆ. ಭತ್ತದಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಕೇರೆ ಹಾವಿಗೆ ಬಾಣ. ತಿನ್ನೋದು ಮಿಡತೆ ಅಲ್ವಾ? ಬಾಣ ಭತ್ತದ ಕಡೆ ತಿರುಗಿರಬೇಕಲ್ಲ? ಪಕ್ಕದ ಪಿರಮಿಡ್‌ನಲ್ಲಿ ಕೆಳಗಿನಿಂದ 10,000, 1,000, 100, 10 ಅಂತ ಇದೆ. ಮೊದಲ ಮೆಟ್ಟಿಲಲ್ಲೇ 9,000 ಮಾಯ. ಎಲ್ಲಿ ಹೋಯ್ತು?

ಕುಕ್ಕರಹಳ್ಳಿ ವಾಕಿಂಗ್:
ಬಾಣ ಸರಿಯಾಗೇ ಇದೆ. ಶಕ್ತಿ ಯಾರ ಹೊಟ್ಟೆ ಸೇರುತ್ತದೋ ಅವರ ಕಡೆಗೆ ಬಾಣದ ಮೊನೆ. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ, ಅಷ್ಟೇ. ಆದರೆ ಕೆರೆಯಲ್ಲಿ ಈ ಪಿರಮಿಡ್ ತಲೆಕೆಳಗಾಗುತ್ತದೆ.

ಹಳೇ ಮೇಷ್ಟ್ರು, ಮೈಸೂರು:
ಬಾಣದ ಮಾತು ಸರಿ. ಎಲ್ಲವೂ ನೇರವಾಗಿ ಶಾಖ ಆಗುವುದಿಲ್ಲ. ಗದ್ದೆಯ ಭತ್ತವನ್ನೆಲ್ಲ ಮಿಡತೆ ತಿನ್ನುತ್ತದೆಯೇ? ಬೇರು, ಕೂಳೆ ಹಾಗೇ ಉಳಿಯುತ್ತವೆ. ಕಾಳು ನಮಗೆ, ಹುಲ್ಲು ಹಸುವಿಗೆ. ಇನ್ನು ಮಿಡತೆ ತಿಂದ ಎಲೆಯಲ್ಲಿ 100 ಪಾಲು ಶಕ್ತಿ ಇತ್ತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಾರು ಸರಿಯಾಗಿ ಅರಗದೆ ಸುಮಾರು 60 ಹಿಕ್ಕೆಯಾಗಿ ಹೊರಬೀಳುತ್ತದೆ. ನೆಗೆಯುವುದು, ಉಸಿರಾಡುವುದು ಅಂತ 25 ಖರ್ಚಾಗುತ್ತದೆ. ಶಾಖ ಆಗುವುದು ಇದು. ಮೈಯಾಗಿ, ಮೊಟ್ಟೆಯಾಗಿ ನಿಲ್ಲುವುದು 15. ಕಪ್ಪೆಗೆ ದಕ್ಕುವುದು ಈ 15ರಲ್ಲೇ, ಅದೂ ಅದರ ಬಾಯಿಗೆ ಸಿಕ್ಕ ಮಿಡತೆಗಳಷ್ಟೇ.

ಕೂಳೆ, ಹಿಕ್ಕೆ ಎರೆಹುಳು, ಬ್ಯಾಕ್ಟೀರಿಯಾಗಳ ಪಾಲು. ಪಿರಮಿಡ್‌ನಲ್ಲಿ ಅವಕ್ಕೆ ಮೆಟ್ಟಿಲೇ ಬರೆದಿರುವುದಿಲ್ಲ, ಅದಕ್ಕೇ ಮಾಯವಾದಂತೆ ಕಾಣುತ್ತದೆ. ಅವೂ ಉಸಿರಾಡಿ ಕೊನೆಗೆ ಶಾಖವೇ ಆಗುತ್ತದೆ ಅನ್ನಿ. ಆ ಶಾಖದಿಂದ ಭತ್ತ ಮತ್ತೆ ಆಹಾರ ಮಾಡಿಕೊಳ್ಳಲಾರದು. ಅದಕ್ಕೆ ಬೆಳಕೇ ಬೇಕು.

ಕೆಲವು ಕಡೆ ನೀರಿನಲ್ಲಿ ತಲೆಕೆಳಗಾಗುವುದು ತೂಕದ ಪಿರಮಿಡ್. ಸೂಕ್ಷ್ಮ ಪಾಚಿ ಬೆಳೆದಷ್ಟೂ ತಿಂದುಹೋಗುತ್ತದೆ, ಹಾಗಾಗಿ ಯಾವುದೋ ಒಂದು ದಿನ ತೂಗಿದರೆ ಕಡಿಮೆ. ವರ್ಷವಿಡೀ ಎಷ್ಟು ಬೆಳೆಯಿತು ಅಂತ ಕೂಡಿದರೆ ಅದೇ ಜಾಸ್ತಿ. ಚಿತ್ರದ ಪಕ್ಕ ಏನು ಬರೆದಿದೆ ನೋಡಿ. ಚದರ ಮೀಟರಿಗೆ, ವರ್ಷಕ್ಕೆ ಇಷ್ಟು ಕಿಲೋಜೂಲ್ ಅಂತಿದ್ದರೆ ಶಕ್ತಿಯದು. ಬರೀ ಗ್ರಾಂ ಇದ್ದರೆ ತೂಕದ್ದು.

ಮದ್ದೂರು ಫಾರಂ:
ಈ ಹತ್ತು ಪರ್ಸೆಂಟ್ ಸುಮ್ನೆ ಮಾತು. ನಮ್ಮ ಬ್ರಾಯ್ಲರ್ ಎರಡು ಕೆಜಿ ಫೀಡ್‌ಗೆ ಒಂದು ಕೆಜಿ ತೂಕ ಬರುತ್ತದೆ. ಅರ್ಧಕ್ಕರ್ಧ! ಅಂದ ಹಾಗೆ ನಾಟಿ ಕೋಳಿಗೆ ಯಾವ ಫೀಡ್ ಒಳ್ಳೇದು?

ಹಳೇ ಮೇಷ್ಟ್ರು, ಮೈಸೂರು:
ನೀವು ತೂಕ ಹೇಳುತ್ತಿದ್ದೀರಿ. ಫೀಡ್ ಒಣಗಿದ್ದು, ಕೋಳಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರು. ಶಕ್ತಿಯಲ್ಲಿ ನೋಡಿದರೆ ಕಾಲು ಭಾಗದ ಆಸುಪಾಸು. ಅದೂ ಬರೀ ಕಾಳಿನ ಲೆಕ್ಕ, ಜೋಳದ ದಂಟು ಹೊಲದಲ್ಲೇ ಉಳಿಯಿತಲ್ಲ. ಹತ್ತು ಅನ್ನುವುದು ಒರಟು ಅಂದಾಜು, 5ರಿಂದ 20ರವರೆಗೂ ಹೋಗುತ್ತದೆ. ಫೀಡ್ ವಿಷಯ ನನ್ನನ್ನು ಕೇಳಬೇಡಿ.

ನಾಲೆ ಏರಿ, ಮಂಡ್ಯ:
ಹದ್ದಿಗೆ ಕಪ್ಪೆಯಿಂದಲೂ ಬಾಣ ಇದೆ, ಹಾವಿನಿಂದಲೂ ಇದೆ. ಅದು ಯಾವ ಮೆಟ್ಟಿಲು?

ಹಳೇ ಮೇಷ್ಟ್ರು, ಮೈಸೂರು:
ಎರಡೂ. ಕಪ್ಪೆಯನ್ನು ತಿಂದಷ್ಟು ನಾಲ್ಕನೆಯದಕ್ಕೆ, ಹಾವನ್ನು ತಿಂದಷ್ಟು ಐದನೆಯದಕ್ಕೆ. ಯಾವುದು ಎಷ್ಟು ಅಂತ ಈ ಚಿತ್ರದಿಂದ ಗೊತ್ತಾಗದು.

ಕುಕ್ಕರಹಳ್ಳಿ ವಾಕಿಂಗ್:
ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ಸ್ ಕೊಡ್ತಾರಾ ಸಾರ್? ನಾವೆಲ್ಲ ತುತ್ತತುದಿ ಅಂತಲೇ ಬರೆಯುತ್ತಿದ್ದೆವು.