‘ಟಿವಿಗೆ ಹಾಕು’: ಎರಡು ಕೆಲಸಕ್ಕೆ ಒಂದೇ ಮಾತು ಸಾಕೇ?

ತೀರ್ಥಹಳ್ಳಿಯಿಂದ:
ಟಿವಿ ಅಂಗಡಿಯವರೊಬ್ಬರಿಗೆ ಗಿರಾಕಿಗಳ ಕೈಗೆ ಕೊಡುವ ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಸ್ಕ್ರೀನ್ ಮಿರರಿಂಗ್‌ಗೆ ‘ಪರದೆಯ ಪ್ರತಿಬಿಂಬ’ ಎಂದು ಬರೆದೆ. ಮೊಬೈಲಿನಲ್ಲಿರುವ ಫೈಲನ್ನು ಟಿವಿಯಲ್ಲಿ ನೋಡಲು ಬಳಸುವ ಡಿಎಲ್‌ಎನ್‌ಎಗೂ ಅದೇ ಪದ ಸಲ್ಲುತ್ತದೆಯೇ? ಮನೆಯಲ್ಲಿ ನಾವು ಎರಡಕ್ಕೂ ‘ಮೊಬೈಲನ್ನು ಟಿವಿಗೆ ಹಾಕು’ ಎನ್ನುತ್ತೇವೆ.

ಸಾಗರದಿಂದ:
ಎರಡರಲ್ಲೂ ಮೊಬೈಲಿನ ವಿಡಿಯೊ ಟಿವಿಯಲ್ಲಿ ಕಾಣುತ್ತದೆ, ಒಂದೇ ಪದ ಸಾಕು. ವ್ಯತ್ಯಾಸ ಇಷ್ಟೆ: ಡಿಎಲ್‌ಎನ್‌ಎಗೆ ಇಂಟರ್ನೆಟ್ ಬೇಕು, ಮಿರರಿಂಗ್‌ಗೆ ಬೇಡ. ಆಷಾಢದಲ್ಲಿ ವಾರಗಟ್ಟಲೆ ನೆಟ್ ಇಲ್ಲದ ನಮ್ಮೂರಿಗೆ ಮೊದಲನೆಯದು ಆಗಿಬರುವುದಿಲ್ಲ.

ಶಿವಮೊಗ್ಗದಿಂದ:
ಬೇಕಾದದ್ದು ರೌಟರ್, ಇಂಟರ್ನೆಟ್ ಅಲ್ಲ. ಹೊರಗಿನ ಕೇಬಲ್ ಕಡಿದು ಬಿದ್ದಿದ್ದರೂ ಯುಪಿಎಸ್ ಮೇಲೆ ರೌಟರ್ ಉರಿಯುತ್ತಿದ್ದರೆ, ಮೊಬೈಲ್ ಮತ್ತು ಟಿವಿ ಎರಡೂ ಅದರ ವೈಫೈಯಲ್ಲಿದ್ದರೆ ಡಿಎಲ್‌ಎನ್‌ಎ ನಡೆಯುತ್ತದೆ. ಒಂದು ಅತಿಥಿ ವೈಫೈಗೆ ಸೇರಿಕೊಂಡಿದ್ದರೆ ಮಾತ್ರ ಒಂದಕ್ಕೊಂದು ಕಾಣದೆ ಹೋಗಬಹುದು. ಮಿರರಿಂಗ್‌ನ ಮಿರಾಕಾಸ್ಟ್ ಎಂಬ ವಿಧಕ್ಕೆ ರೌಟರೂ ಬೇಡ.

ಪದಕ್ಕೆ ಮುಖ್ಯವಾದ ಭೇದ ಬೇರೆ. ಡಿಎಲ್‌ಎನ್‌ಎಯಲ್ಲಿ ಪ್ರತಿಬಿಂಬವೇ ಇಲ್ಲ. ಟಿವಿಯೇ ಮೊಬೈಲಿನಿಂದ ಫೈಲನ್ನು ತರಿಸಿಕೊಂಡು ತಾನೇ ಬಿಡಿಸಿ ತೋರಿಸುತ್ತದೆ. ಮಿರರಿಂಗ್‌ನಲ್ಲಿ ಬಿಡಿಸುವುದು ಮೊಬೈಲ್; ತನ್ನ ಪರದೆಯಲ್ಲಿ ಕಂಡದ್ದನ್ನು ಮತ್ತೆ ಹೊಸದಾಗಿ ಕಟ್ಟಿ ಕಳಿಸುತ್ತದೆ. ನಡುವೆ ಬೀಗರ ಕರೆ ಬಂದರೆ ಅದೂ ಟಿವಿಯ ಮೇಲೆ!

ಅಣ್ಣನ ಮಗನ ಉಪನಯನದ ವಿಡಿಯೊದಲ್ಲಿ ಇದು ಸ್ಪಷ್ಟವಾಯಿತು. ಹೊಸ ಮೊಬೈಲ್ ಅದನ್ನು ಎಚ್‌ಇವಿಸಿ ಎಂಬ ಹೊಸ ಬಗೆಯ ವಿಡಿಯೊ ರೂಪದಲ್ಲಿ ಉಳಿಸಿತ್ತು. ಹಳೆಯ ಟಿವಿಯ ಪಟ್ಟಿಯಲ್ಲಿ ಫೈಲಿನ ಹೆಸರು ಬಂತು, ಒತ್ತಿದರೆ ‘ಬೆಂಬಲವಿಲ್ಲ’ ಎಂಬ ಸಂದೇಶ. ಅದೇ ವಿಡಿಯೊ ಮಿರರಿಂಗ್‌ನಲ್ಲಿ ಓಡಿತು, ಮಂತ್ರದ ನಡುವೆ ಆಗಾಗ ತಡವರಿಸಿದರೂ. ಟಿವಿಗೆ ಗೊತ್ತಿರುವ ಎಚ್.264 ಫೈಲಾದರೆ ನಾನು ಡಿಎಲ್‌ಎನ್‌ಎಯನ್ನೇ ಹಿಡಿಯುತ್ತೇನೆ. ಚಿತ್ರ ಮೂಲದಷ್ಟೇ ಚೆನ್ನಾಗಿರುತ್ತದೆ, ಮೊಬೈಲೂ ಬಿಸಿಯಾಗುವುದಿಲ್ಲ.

ಯಾವುದು ನಡೆಯುತ್ತಿದೆ ಎಂದು ತಿಳಿಯಲು ಮೊಬೈಲಿನ ಪರದೆ ಆರಿಸಿ ನೋಡಿ. ಮಿರರಿಂಗ್ ಆದರೆ ಟಿವಿಯ ಚಿತ್ರವೂ ಹೋಗುತ್ತದೆ. ಡಿಎಲ್‌ಎನ್‌ಎ ಆದರೆ ಓಡುತ್ತಲೇ ಇರುತ್ತದೆ, ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ ಆಪನ್ನು ನಿಲ್ಲಿಸದಿದ್ದರೆ.

ಹೊಸನಗರದಿಂದ:
ಪದದ ವಿಚಾರ ನನಗೆ ತಿಳಿಯದು. ಚಂದಾ ಕಟ್ಟಿದ ಸಿನಿಮಾ ಆಪನ್ನು ಮಿರರಿಂಗ್ ಮಾಡಿದರೆ ಧ್ವನಿ ಮಾತ್ರ ಬರುತ್ತದೆ, ಚಿತ್ರ ಕಪ್ಪು. ಟಿವಿ ಬದಲಿಸಬೇಕೇ?

ಶಿವಮೊಗ್ಗದಿಂದ:
ಬೇಡ ಅಕ್ಕಾ, ನಕಲು ತಡೆಯಲು ಕೆಲವು ಆಪ್‌ಗಳೇ ಹಾಗೆ ಮಾಡುತ್ತವೆ. ಡಿಎಲ್‌ಎನ್‌ಎಯೂ ಅಲ್ಲಿ ಉಪಯೋಗಕ್ಕೆ ಬಾರದು, ಅದು ನಿಮ್ಮದೇ ಫೈಲುಗಳಿಗೆ. ಆ ಆಪ್ ಟಿವಿಯಲ್ಲೇ ಸಿಗುತ್ತದೆಯೇ ನೋಡಿ.

ತೀರ್ಥಹಳ್ಳಿಯಿಂದ:
ಹಾಗಾದರೆ ಮಿರರಿಂಗ್‌ಗೆ ‘ಪ್ರತಿಬಿಂಬ’ ಉಳಿಯಲಿ. ಡಿಎಲ್‌ಎನ್‌ಎಗೆ ‘ಬಡಿಸು’ ಎನ್ನಬಹುದೇ? ಮೊಬೈಲ್ ಬಡಿಸುತ್ತದೆ, ಟಿವಿ ಉಣ್ಣುತ್ತದೆ.

ಸಾಗರದಿಂದ:
ಇಂಟರ್ನೆಟ್ ವಿಷಯ ಒಪ್ಪಿದೆ, ‘ಬಡಿಸು’ ಒಪ್ಪಲಾರೆ. ಟಿವಿ ತಾನೇ ಕೈಹಾಕಿ ತೆಗೆದುಕೊಳ್ಳುತ್ತದೆ ಎಂದಿರಲ್ಲ, ಅದು ಬಡಿಸುವುದು ಹೇಗಾಯಿತು?